ಉದ್ದದಲ್ಲಿ ಪಾಸು, ಸಿಸಿಯಲ್ಲಿ ಫೇಲು: ಕಾರಿನ ತೆರಿಗೆಯ ಹಿನ್ನೆಲೆ

ಹಾಸನದ ಬಿ.ಎಂ. ರಸ್ತೆಯ ಶೋರೂಮ್‌ಗಳಲ್ಲಿ ಕೊಟೇಶನ್ ಬರೆಸಿಕೊಂಡು ಮನೆಗೆ ಬಂದವರು ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡುವಾಗ ಒಂದು ಪ್ರಶ್ನೆ ಏಳುವುದು ಸಹಜ. ಅಳತೆಯಲ್ಲಿ, ಸೀಟುಗಳಲ್ಲಿ, ಎಂಜಿನ್ನಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವ ಎರಡು ಪೆಟ್ರೋಲ್ ಕಾರುಗಳ ಬೆಲೆ ಏಕೆ ಇಷ್ಟು ದೂರವಾಗುತ್ತದೆ? ಸೌಲಭ್ಯಗಳ ಪಟ್ಟಿಯಲ್ಲಿ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ಉತ್ತರದ ಬಹುಪಾಲು 2006ರ ಕೇಂದ್ರ ಬಜೆಟ್‌ನಲ್ಲಿದೆ.

ಆ ಬಜೆಟ್ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. ಸಣ್ಣ ಕಾರು ಎಂದರೆ ಯಾವುದು ಎಂಬುದಕ್ಕೆ ಹಾಕಿದ ಗೆರೆ ಹೀಗಿತ್ತು: ಉದ್ದ 4,000 ಮಿ.ಮೀ. ಮೀರಬಾರದು, ಪೆಟ್ರೋಲ್ ಎಂಜಿನ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ದಾಟಬಾರದು. ಎರಡೂ ಷರತ್ತು ಒಟ್ಟಿಗೆ ಪೂರೈಸಬೇಕು, ಒಂದು ತಪ್ಪಿದರೂ ರಿಯಾಯಿತಿ ಇಲ್ಲ. ತೆರಿಗೆಯ ಹೆಸರು, ದರಗಳು ಅಲ್ಲಿಂದೀಚೆಗೆ ಹಲವು ಬಾರಿ ಬದಲಾದರೂ ಈ ಅಳತೆಗೋಲು ಮಾತ್ರ ಬಹುಪಾಲು ಹಾಗೆಯೇ ಉಳಿದಿದೆ.

ಗೆರೆ ಬಿದ್ದ ಮೇಲೆ ಕಾರುಗಳೇ ಅದಕ್ಕೆ ತಕ್ಕಂತೆ ರೂಪ ಬದಲಿಸತೊಡಗಿದವು. ಇದಕ್ಕೆ ಎಲ್ಲರ ಕಣ್ಣಿಗೂ ಬಿದ್ದ ಉದಾಹರಣೆ ಸ್ವಿಫ್ಟ್ ಡಿಜೈರ್. 2008ರಲ್ಲಿ ಬಂದಾಗ ಅದರ ಉದ್ದ 4,160 ಮಿ.ಮೀ. ಇತ್ತು, 2012ರಲ್ಲಿ ಹೊಸ ಆವೃತ್ತಿ ಬಂದಾಗ 3,995ಕ್ಕೆ ಇಳಿದಿತ್ತು. ಕತ್ತರಿ ಬಿದ್ದದ್ದು ಹಿಂಭಾಗಕ್ಕೆ. 440 ಲೀಟರ್ ಇದ್ದ ಡಿಕ್ಕಿ 316 ಲೀಟರ್ ಆಯಿತು. ಮದುವೆಗೆ ಹೊರಟ ಕುಟುಂಬ ಒಂದು ದೊಡ್ಡ ಸೂಟ್‌ಕೇಸನ್ನು ಮಡಿಲಲ್ಲಿ ಇಟ್ಟುಕೊಳ್ಳುವಂತಾಯಿತು ಎಂದರೆ ತೀರಾ ಉತ್ಪ್ರೇಕ್ಷೆಯಲ್ಲ. ಇಂದು ರಸ್ತೆಯಲ್ಲಿರುವ ಎಷ್ಟೋ ಕಾರುಗಳ ಉದ್ದ 3,990ರ ಆಸುಪಾಸಿನಲ್ಲೇ ನಿಂತಿರುವುದು ವಿನ್ಯಾಸಕಾರರ ಅಭಿರುಚಿಯಿಂದಲ್ಲ.

ಎಂಜಿನ್ನಿನ ಷರತ್ತು ಇನ್ನೂ ವಿಚಿತ್ರವಾಗಿ ಕೆಲಸ ಮಾಡುತ್ತದೆ. ಮಾರುತಿಯ ಬ್ರೆಝಾ 2016ರಲ್ಲಿ 1,248 ಸಿಸಿ ಡೀಸೆಲ್ ಎಂಜಿನ್ನಿನೊಂದಿಗೆ ಬಂದಾಗ ಸಣ್ಣ ಕಾರಾಗಿತ್ತು. 2020ರಲ್ಲಿ ಡೀಸೆಲ್ ಬಿಟ್ಟು 1,462 ಸಿಸಿ ಪೆಟ್ರೋಲ್ ಎಂಜಿನ್ ಕೂರಿಸಿದಾಗ, 3,995 ಮಿ.ಮೀ.ಯ ಮೈ ಹಾಗೇ ಇದ್ದರೂ ಸಣ್ಣ ಕಾರುಗಳ ಸಾಲಿನಿಂದ ಹೊರಬಿತ್ತು. ಅದೇ ಕಂಪನಿಯ ಫ್ರಾಂಕ್ಸ್ ಕೂಡ 3,995 ಮಿ.ಮೀ. ಉದ್ದದ್ದೇ, ಅದರ 998 ಸಿಸಿ ಟರ್ಬೊ ಎಂಜಿನ್ನಿನ ಶಕ್ತಿ ಸುಮಾರು 100 ಪಿಎಸ್, ಬ್ರೆಝಾದ್ದು ಸುಮಾರು 103. ಶಿರಾಡಿ ಘಾಟಿಯ ಏರಿನಲ್ಲಿ ಒಂದರ ಹಿಂದೊಂದು ಹೋಗಬಲ್ಲ ಈ ಎರಡು ಕಾರುಗಳನ್ನು ತೆರಿಗೆ ಬೇರೆ ಬೇರೆ ಜಾತಿಗೆ ಸೇರಿಸಿದೆ. ಸಿಸಿ ಎಂಬುದು ಸಿಲಿಂಡರಿನ ಗಾತ್ರವೇ ಹೊರತು ಶಕ್ತಿಯ ಅಳತೆಯೂ ಅಲ್ಲ, ಹೊಗೆಯ ಅಳತೆಯೂ ಅಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಲ್ಲ ಪೆಟ್ರೋಲ್, ಡೀಸೆಲ್ ಕಾರುಗಳಿಗೂ ಶೇ 28 ತೆರಿಗೆ ನಿಗದಿಯಾಗಿ, ವ್ಯತ್ಯಾಸವೆಲ್ಲ ಅದರ ಮೇಲಿನ ಪರಿಹಾರ ಸೆಸ್‌ಗೆ ವರ್ಗವಾಯಿತು. ಸಣ್ಣ ಪೆಟ್ರೋಲ್ ಕಾರಿಗೆ ಶೇ 1, ಸಣ್ಣ ಡೀಸೆಲ್‌ಗೆ ಶೇ 3. ಅದೇ ಸೆಪ್ಟೆಂಬರ್‌ನ ಪರಿಷ್ಕರಣೆಯ ನಂತರ ಮಧ್ಯಮ ಗಾತ್ರಕ್ಕೆ ಶೇ 17, ದೊಡ್ಡದಕ್ಕೆ ಶೇ 20, ಎಸ್‌ಯುವಿಗೆ ಶೇ 22. ಎಸ್‌ಯುವಿ ಎನಿಸಿಕೊಳ್ಳಲು ಉದ್ದ ಮತ್ತು ಸಿಸಿಯ ಜೊತೆಗೆ ನೆಲದಿಂದ 170 ಮಿ.ಮೀ. ಎತ್ತರವೂ ಇರಬೇಕಿತ್ತು. ಚಿಕ್ಕಮಗಳೂರಿನ ತೋಟದ ದಾರಿಯಲ್ಲಿ ಮಳೆಗಾಲದಲ್ಲಿ ಅಷ್ಟು ಎತ್ತರ ಇಲ್ಲದಿದ್ದರೆ ಕಾರಿನ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಪಟ್ಟಿಯಲ್ಲಿ ಮಾತ್ರ ಅದು ಐಷಾರಾಮದ ಗುರುತಾಗಿತ್ತು.

2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್ ಕಾರುಗಳ ಮೇಲಿನ ಈ ಸೆಸ್ ಹೋಗಿ, ಸಣ್ಣ ಕಾರಿಗೆ ಶೇ 18, ಉಳಿದವಕ್ಕೆ ಶೇ 40 ಎಂಬ ಎರಡೇ ದರ ಉಳಿದಿವೆ. ಎಲ್ಲರಿಗೂ ಇಳಿಕೆಯಾಯಿತೆಂಬುದು ನಿಜ, ಆದರೆ ಅಂತರ ಹಿಗ್ಗಿತು. ತೆರಿಗೆಗೆ ಮುನ್ನ ತಲಾ 8 ಲಕ್ಷ ಬೆಲೆಯ ಎರಡು ಪೆಟ್ರೋಲ್ ಕಾರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎರಡೂ ನಾಲ್ಕು ಮೀಟರಿನೊಳಗಿವೆ, ಒಂದು 1,200 ಸಿಸಿಯೊಳಗೆ, ಇನ್ನೊಂದು ಅದಕ್ಕಿಂತ ಮೇಲೆ. ಹಿಂದೆ ಶೋರೂಮ್ ಬೆಲೆ 10.32 ಲಕ್ಷ ಮತ್ತು 11.60 ಲಕ್ಷ ಆಗುತ್ತಿತ್ತು. ಈಗ 9.44 ಲಕ್ಷ ಮತ್ತು 11.20 ಲಕ್ಷ.

ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಕರ್ನಾಟಕದ ಜೀವಾವಧಿ ತೆರಿಗೆಯನ್ನು ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಹಾಕುತ್ತಾರೆ, ಅಂದರೆ ತೆರಿಗೆಗೂ ತೆರಿಗೆ ಬೀಳುತ್ತದೆ. 5ರಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಆ ತೆರಿಗೆಯ ಮೊತ್ತದ ಮೇಲೆ ಮತ್ತೆ ರಾಜ್ಯದ ಶೇ 11 ಸೆಸ್. ಮೊದಲು ಎರಡೂ ಕಾರುಗಳು ಹತ್ತು ಲಕ್ಷದ ಮೇಲಿದ್ದವು; ಈಗ ಸಣ್ಣದು ಕೆಳಗಿನ ಹಂತಕ್ಕೆ ಇಳಿದಿದೆ. ಹೀಗಾಗಿ ವಿಮೆ ಬಿಟ್ಟು ಸುಮಾರು 1.52 ಲಕ್ಷ ಇದ್ದ ವ್ಯತ್ಯಾಸ 2.41 ಲಕ್ಷವಾಗಿದೆ. ತಯಾರಿಕೆಯ ಬೆಲೆಯಲ್ಲಿ ಒಂದು ರೂಪಾಯಿಯ ಭೇದವೂ ಇಲ್ಲದ ಎರಡು ಕಾರುಗಳ ಲೆಕ್ಕ ಇದು.

ತಾವು ಕೊಳ್ಳುವ ಕಾರು ಗೆರೆಯ ಯಾವ ಕಡೆಗಿದೆ ಎಂದು ತಿಳಿಯಲು ಕೊಟೇಶನ್‌ನಲ್ಲಿ ಒಟ್ಟು ಮೊತ್ತ ನೋಡಿದರೆ ಸಾಲದು, ತೆರಿಗೆಯನ್ನು ಬಿಡಿಸಿ ಬರೆದ ಇನ್‌ವಾಯ್ಸ್ ಕೇಳಬೇಕು. ರಾಜ್ಯದೊಳಗಿನ ಮಾರಾಟವಾದರೆ ಅದರಲ್ಲಿ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ತಲಾ ಶೇ 9 ಇರುತ್ತದೆ, ಇಲ್ಲವೇ ತಲಾ ಶೇ 20.