ಗೆರೆ ಎತ್ತರದಲ್ಲಿದೆ, ಮಳೆ ಯಾಕೆ ಕಡಿಮೆ?

ಪ್ರಶ್ನೆ: ರಾಯಚೂರಿನ ಹವಾಗುಣ ನಕ್ಷೆಯಲ್ಲಿ ಹೆಚ್ಚು ಮಳೆಯ ತಿಂಗಳು ಯಾವುದೆಂದು ಕೇಳಿದ್ದಾರೆ. ಮಗಳು ‘ಮೇ, 170 ಮಿ.ಮೀ.’ ಎಂದು ಬರೆದಳು, ತಪ್ಪಾಯಿತು. ಎಲ್ಲಿ ಎಡವಿದಳು?

ಉತ್ತರ: ಗೆರೆಯನ್ನು ಮಳೆಯ ಅಳತೆಯಲ್ಲಿ ಓದಿದ್ದಾಳೆ. ಈ ನಕ್ಷೆಯಲ್ಲಿ ಸ್ತಂಭಗಳು ಮಳೆ, ಗೆರೆ ಉಷ್ಣಾಂಶ. ಎರಡಕ್ಕೂ ಬೇರೆ ಬೇರೆ ಅಕ್ಷ.

ರಾಯಚೂರನ್ನು ಹೋಲುವಂತೆ ಅಭ್ಯಾಸಕ್ಕೆಂದು ಹಾಕಿದ ಅಂಕಿಗಳನ್ನೇ ನೋಡೋಣ. ಎಡಗಡೆ ಮಳೆ, ಒಂದು ಚೌಕಕ್ಕೆ 20 ಮಿ.ಮೀ. ಬಲಗಡೆ ಉಷ್ಣಾಂಶ, ಒಂದು ಚೌಕಕ್ಕೆ 4 ಡಿಗ್ರಿ. ಮೇ ತಿಂಗಳ ಚುಕ್ಕಿ ಎಂಟೂವರೆ ಚೌಕದ ಎತ್ತರದಲ್ಲಿದೆ. ಬಲಕ್ಕೆ ಹೋಗಿ ಓದಿದರೆ 34 ಡಿಗ್ರಿ. ಎಡಕ್ಕೆ ಹೋದರೆ 170, ಮಗಳು ಬರೆದದ್ದು ಇದನ್ನೇ. ಮೇ ತಿಂಗಳ ಸ್ತಂಭ ಎರಡು ಚೌಕವನ್ನೂ ಮುಟ್ಟಿಲ್ಲ, 35 ಮಿ.ಮೀ. ಮಾತ್ರ. ಸೆಪ್ಟೆಂಬರ್ ಸ್ತಂಭ ಏಳೂವರೆ ಚೌಕ, ಅಂದರೆ 150 ಮಿ.ಮೀ. ಸರಿ ಉತ್ತರ ಅದೇ. ಗೆರೆ ಸ್ತಂಭಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕೆ ಇಲ್ಲಿ ಅರ್ಥವೇ ಇಲ್ಲ. ಅಳತೆ ಬದಲಿಸಿದರೆ ಅದೂ ಬದಲಾಗುತ್ತದೆ. ಓದುವಾಗ ಅಡ್ಡಪಟ್ಟಿಯನ್ನು ಸ್ತಂಭದ ತುದಿಯಿಂದ ಎಡಕ್ಕೆ, ಚುಕ್ಕಿಯಿಂದ ಬಲಕ್ಕೆ ಇಡಿಸಿ.

‘ಮೇ ತಿಂಗಳಲ್ಲಿ ನಮ್ಮಲ್ಲಿ 40 ದಾಟುತ್ತದಲ್ಲ, 34 ಹೇಗೆ?’ ಎಂದು ಮಕ್ಕಳು ಕೇಳುವುದು ಸಹಜ. 40 ಎಂಬುದು ಮಧ್ಯಾಹ್ನದ ಗರಿಷ್ಠ. ನಕ್ಷೆಯಲ್ಲಿರುವುದು ಹಗಲು ರಾತ್ರಿ ಸೇರಿದ ತಿಂಗಳ ಸರಾಸರಿ.

ಲೆಕ್ಕದ ಪ್ರಶ್ನೆಗಳಲ್ಲಿ ಒಂದು ಎಚ್ಚರ: ವರ್ಷದ ಮಳೆ ಬೇಕಾದರೆ ಹನ್ನೆರಡೂ ಸ್ತಂಭಗಳನ್ನು ಕೂಡಿಸಬೇಕು, ಇಲ್ಲಿ 650 ಮಿ.ಮೀ. ಅದನ್ನು 12ರಿಂದ ಭಾಗಿಸಬಾರದು. ಉಷ್ಣಾಂಶದ ವಾರ್ಷಿಕ ಅಂತರಕ್ಕೆ ಮೇ ತಿಂಗಳ 34ರಿಂದ ಡಿಸೆಂಬರಿನ 22 ಕಳೆದರೆ 12 ಡಿಗ್ರಿ.

ಹೆಚ್ಚು ಅಂಕ ಹೋಗುವುದು ‘ಜೂನ್‌ನಿಂದ ಗೆರೆ ಏಕೆ ಇಳಿಯುತ್ತದೆ?’ ಎಂಬಲ್ಲಿ. ‘ಬೇಸಿಗೆ ಮುಗಿಯಿತು’ ಎಂದರೆ ಸಾಲದು. ರಾಯಚೂರಿಗೆ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ, ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ 8ರ ಸುಮಾರಿಗೆ. ಆದರೂ ಆಗಸ್ಟಿನ ಚುಕ್ಕಿ 27ರಲ್ಲಿದೆ. ಮುಂಗಾರಿನ ಮೋಡ ಬಿಸಿಲನ್ನು ತಡೆಯುತ್ತದೆ. ನೆಲಕ್ಕೆ ತಲುಪಿದ ಶಾಖದಲ್ಲೂ ಒಂದು ಪಾಲು ಹಸಿ ಮಣ್ಣಿನ ನೀರು ಆವಿಯಾಗಲು ಖರ್ಚಾಗುತ್ತದೆ. ಉತ್ತರದಲ್ಲಿ ಈ ಎರಡೂ ಕಾರಣ ಬರಬೇಕು, ಜೊತೆಗೆ ‘ಮೇ ತಿಂಗಳ 34ರಿಂದ ಜೂನ್‌ನ 30ಕ್ಕೆ’ ಎಂಬ ಅಂಕಿಯೂ ಇರಲಿ.

‘ಸೆಪ್ಟೆಂಬರ್‌ನಲ್ಲಿ ದಿನವೂ ಮಳೆ’ ಎಂದು ಮಾತ್ರ ಬರೆಯುವುದು ಬೇಡ. ಆ 150 ಮಿ.ಮೀ. ನಾಲ್ಕು ದಿನ ಜಡಿದು ಬಂದರೂ, ಹದಿನೈದು ದಿನ ಹದವಾಗಿ ಸುರಿದರೂ ಸ್ತಂಭದ ಎತ್ತರ ಒಂದೇ.