ಪದ ಪರಿಚಯ: ಟಿವಿ ಮೆನುವಿನ ‘ಸ್ಟ್ಯಾಂಡರ್ಡ್’

‘ಬಣ್ಣ ಸಹಜವಾಗಿ ಬರಬೇಕಾದರೆ ಸ್ಟ್ಯಾಂಡರ್ಡ್‌ನಲ್ಲೇ ಬಿಟ್ಟುಬಿಡಿ ಸಾರ್’ ಎಂಬ ಸಲಹೆಯನ್ನು ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ, ಟಿವಿಯನ್ನು ಗೋಡೆಗೆ ಕೂರಿಸಲು ಬರುವ ಹುಡುಗರ ಬಾಯಲ್ಲೂ ಕೇಳಿ ಕೇಳಿ ಸಾಕಾಗಿದೆ. ಈ ಸಲಹೆ ಕೊಡುವವರು ‘ಸ್ಟ್ಯಾಂಡರ್ಡ್’ ಎಂದರೆ ಮಾನದಂಡಕ್ಕೆ ಒಪ್ಪುವಂಥದ್ದು ಎಂದು ನಂಬಿರುತ್ತಾರೆ. ಪಿಕ್ಚರ್ ಮೋಡ್‌ಗಳ ಪಟ್ಟಿಯಲ್ಲಿ ಆ ಪದಕ್ಕೆ ಅಂಥ ಅರ್ಥವೇ ಇಲ್ಲ. ಅಲ್ಲಿ ಅದು ತಯಾರಕರು ತಮಗೆ ಸರಿಕಂಡಂತೆ ಹೊಂದಿಸಿದ ಮಾಮೂಲು ಚಿತ್ರ. ಅಂಗಡಿಯ ಝಗಮಗ ಬೆಳಕಿನಲ್ಲಿ ಪಕ್ಕದ ಟಿವಿಯನ್ನು ಮಂಕಾಗಿಸಲೆಂದೇ ಇರುವ ‘ವಿವಿಡ್’ಗಿಂತ ಒಂದೆರಡು ಮೆಟ್ಟಿಲು ಕೆಳಗಿನದು, ಅಷ್ಟೆ.

ಮಾನದಂಡ ಎಂಬುದು ನಿಜಕ್ಕೂ ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1990ರಲ್ಲಿ ಮೊದಲು ಅಂಗೀಕರಿಸಿದ ಬಿಟಿ.709 ಎಂಬ ಶಿಫಾರಸು, ಎಚ್‌ಡಿ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂದರೆ ನಿಖರವಾಗಿ ಯಾವುವು, ಬಿಳಿ ಎಂದರೆ ಯಾವ ಬಿಳಿ ಎಂಬುದನ್ನು ಗೊತ್ತುಮಾಡಿದೆ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಆ ಬಿಳಿ ಸುಮಾರು 6500. ಎಚ್‌ಡಿ ಸಿನಿಮಾ ಮಾತ್ರವಲ್ಲ, ಧಾರಾವಾಹಿ, ವಾರ್ತೆಗಳೂ ಸಿದ್ಧವಾಗುವುದು ಇದನ್ನು ಅನುಸರಿಸಿಯೇ. ಇದಕ್ಕೆ ಅತ್ಯಂತ ಸಮೀಪವಿರುವ ಮೋಡ್ ಮಾತ್ರ ನಮ್ಮ ಟಿವಿಗಳಲ್ಲಿ ‘ಸಿನಿಮಾ’, ‘ಮೂವಿ’ ಅಥವಾ, 2019ರಲ್ಲಿ ಪ್ರಕಟವಾದ ಹೆಸರಿನಂತೆ, ‘ಫಿಲ್ಮ್‌ಮೇಕರ್’ ಎಂಬ ಪಟ್ಟಿ ಹೊತ್ತು ಕುಳಿತಿರುತ್ತದೆ. ಹೆಸರು ನೋಡಿದವರು ಅದು ರಾತ್ರಿ ದೀಪ ಆರಿಸಿ ಸಿನಿಮಾ ನೋಡುವುದಕ್ಕೆ ಮಾತ್ರ ಎಂದು ಬದಿಗಿಡುತ್ತಾರೆ.

ಈ ಗೊಂದಲದಿಂದ ಆಗುವುದೇನೆಂದು ನೋಡೋಣ. ಬಸವನಗುಡಿಯ ಒಂದು ಮನೆಯಲ್ಲಿ ಹೊಸ ಟಿವಿ ವಿವಿಡ್‌ನಲ್ಲಿದೆ ಎಂದುಕೊಳ್ಳಿ. ಧಾರಾವಾಹಿಯ ಪಾತ್ರಗಳ ಮುಖವೆಲ್ಲ ಟೊಮ್ಯಾಟೊ ಬಣ್ಣಕ್ಕೆ ತಿರುಗಿದೆ, ಕೆಂಪು ರೇಷ್ಮೆ ಸೀರೆಯ ಮಡಿಕೆಗಳು ಒಂದೇ ಮುದ್ದೆಯಾಗಿವೆ. ಮನೆಯವರು ಸ್ಟ್ಯಾಂಡರ್ಡ್‌ಗೆ ಬದಲಿಸಿ, ಅದೂ ಸಾಲದೆ ‘ಕಲರ್’ ಅನ್ನು 50ರಿಂದ 35ಕ್ಕೆ ಇಳಿಸುತ್ತಾರೆ. ಮುಖಗಳು ಈಗ ಸೊರಗಿದಂತೆ ಕಾಣುತ್ತವೆ, ಬಾಳೆ ಎಲೆಯ ಹಸಿರು ಮಾತ್ರ ಇನ್ನೂ ಅಸಹಜವಾಗಿಯೇ ಉಳಿಯುತ್ತದೆ. ಕಾರಣವೆಂದರೆ, ಇಂದಿನ ಪರದೆಗಳು ಬಿಟಿ.709 ಕೇಳುವುದಕ್ಕಿಂತ ಗಾಢವಾದ ಬಣ್ಣಗಳನ್ನು ತೋರಿಸಬಲ್ಲವು, ಮತ್ತು ಇಂಥ ಮೋಡ್‌ಗಳು ಬರುವ ಬಣ್ಣವನ್ನೆಲ್ಲ ಆ ದೊಡ್ಡ ವ್ಯಾಪ್ತಿಗೆ ಎಳೆದು ಹಿಗ್ಗಿಸುತ್ತವೆ. ‘ಕಲರ್’ ಗುಂಡಿ ಎಲ್ಲ ಬಣ್ಣಗಳನ್ನೂ ಒಟ್ಟಾಗಿ ತೆಳುವಾಗಿಸುತ್ತದೆಯೇ ಹೊರತು ಈ ಹಿಗ್ಗುವಿಕೆಯನ್ನು ಸರಿಪಡಿಸುವುದಿಲ್ಲ. ಆ ಮನೆಯವರು ಮಾಡಬೇಕಾದದ್ದು ಇಷ್ಟು: ಸಿನಿಮಾ ಮೋಡ್‌ಗೆ ಹೋಗಿ, ಕಲರ್ ಅನ್ನು ಮೊದಲಿನ ಅಂಕಕ್ಕೆ ತಂದು, ‘ಕಲರ್ ಸ್ಪೇಸ್’ ಎಂಬ ಆಯ್ಕೆ ಇದ್ದರೆ ಅದನ್ನು ಪರದೆಯ ಪೂರ್ತಿ ವ್ಯಾಪ್ತಿಯನ್ನು ಬಳಸುವ ‘ನೇಟಿವ್’ ಬಿಟ್ಟು ‘ಆಟೋ’ದಲ್ಲಿಟ್ಟು, ಬಿಳಿಯನ್ನು ‘ವಾರ್ಮ್’ ಕಡೆಗೆ ಇಡಬೇಕು. ಮೊದಲ ಕೆಲವು ಸಂಜೆ ಎಲ್ಲವೂ ಹಳದಿಯಾಗಿ ಕಾಣುತ್ತದೆ ಎಂಬ ದೂರು ಬಂದೇ ಬರುತ್ತದೆ. ನೀಲಿ ಬೆರೆತ ಬಿಳಿಗೆ ಕಣ್ಣು ಒಗ್ಗಿರುವುದರಿಂದ ಹಾಗಾಗುತ್ತದೆ, ತಾನಾಗಿಯೇ ಹೋಗುತ್ತದೆ. ಹಗಲಿನಲ್ಲಿ ಮಂಕೆನಿಸಿದರೆ ಹೆಚ್ಚಿಸಬೇಕಾದದ್ದು ಬ್ಯಾಕ್‌ಲೈಟ್ ಅನ್ನು. ಕೆಲವು ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಎಂಬುದು ಬೆಳಕನ್ನಲ್ಲ, ಕಪ್ಪಿನ ಮಟ್ಟವನ್ನು ಏರಿಸಿ ಚಿತ್ರವನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ ಎಂಬುದು ನೆನಪಿರಲಿ.

‘ಶಾರ್ಪ್‌ನೆಸ್’ ಕೂಡ ಇಂಥದ್ದೇ ಹೆಸರು. ಚಿತ್ರದಲ್ಲಿ ಇಲ್ಲದ ವಿವರವನ್ನು ಅದು ತರಲಾರದು. ಕಪ್ಪೂ ಬಿಳಿಯೂ ಸೇರುವ ಅಂಚಿನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುವುದಷ್ಟೇ ಅದರ ಕೆಲಸ. ವಾರ್ತಾ ವಾಹಿನಿಯ ತಳದಲ್ಲಿ ಓಡುವ ಕನ್ನಡ ಅಕ್ಷರಗಳನ್ನು ಹತ್ತಿರದಿಂದ ನೋಡಿ. ಒತ್ತಕ್ಷರಗಳ ಸುತ್ತ ತೆಳುವಾದ ಬೆಳ್ಳನೆಯ ಗೆರೆ ಕಂಡರೆ ಅದು ಟಿವಿ ಬರೆದದ್ದಾಗಿರಬಹುದು. ಶಾರ್ಪ್‌ನೆಸ್ ಇಳಿಸುತ್ತ ಬಂದು ಆ ಗೆರೆ ಮಾಯವಾದಲ್ಲಿ ನಿಲ್ಲಿಸಬೇಕು. ಅಂಕ ಮಾತ್ರ ಕಂಪನಿಗೊಂದು: ಕೆಲವದರಲ್ಲಿ ಸೊನ್ನೆಯೇ ತಟಸ್ಥ, ಸೋನಿಯಲ್ಲಿ 50 ತಟಸ್ಥ, ಅದಕ್ಕಿಂತ ಇಳಿಸಿದರೆ ಚಿತ್ರ ಮಸುಕಾಗುತ್ತದೆ. ಆದ್ದರಿಂದ ನೆರೆಮನೆಯ ಅಂಕವನ್ನು ನಕಲು ಮಾಡಿ ಪ್ರಯೋಜನವಿಲ್ಲ.

ಇನ್ನು ಮೋಷನ್ ಸ್ಮೂದಿಂಗ್. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಸಿನಿಮಾದ ನಡುನಡುವೆ ಟಿವಿ ತಾನೇ ಊಹಿಸಿದ ಚೌಕಟ್ಟುಗಳನ್ನು ಸೇರಿಸುವುದರಿಂದ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಊಹೆ ತಪ್ಪಿದಾಗ ಓಡುವವನ ಕಾಲಿನ ಸುತ್ತ ಚಿತ್ರ ಕಲಕಿದಂತಾಗುತ್ತದೆ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’ ಎಂದು ಅಡಗಿರುವ ಇದನ್ನು ಆಫ್ ಮಾಡುವುದೇ ಒಳ್ಳೆಯದು. ಕ್ಯಾಮೆರಾ ನಿಧಾನವಾಗಿ ಹೊರಳುವ ದೃಶ್ಯಗಳಲ್ಲಿ ಜರ್ಕು ತೀರಾ ಕಾಡಿದರೆ ಅತಿ ಕಡಿಮೆ ಮಟ್ಟದಲ್ಲಿ ಇಟ್ಟುಕೊಳ್ಳಬಹುದು.

ಇಷ್ಟೆಲ್ಲ ಮಾಡಿದ ಮೇಲೂ ‘ಮತ್ತೆ ಹಳೆಯ ಬಣ್ಣವೇ ಬಂತು’ ಎನ್ನುವವರು ಗಮನಿಸಬೇಕಾದ ಸಂಗತಿಯೊಂದಿದೆ. ಅನೇಕ ಟಿವಿಗಳು ಈ ಹೊಂದಾಣಿಕೆಯನ್ನು ಎಚ್‌ಡಿಎಂಐ ಕಿಂಡಿಗೊಂದರಂತೆ ನೆನಪಿಡುತ್ತವೆ, ಬೆಳಕು-ಕತ್ತಲೆಯ ಅಂತರ ಹೆಚ್ಚಿರುವ ಎಚ್‌ಡಿಆರ್ ಚಿತ್ರಕ್ಕಂತೂ ಬೇರೆಯದೇ ಪಟ್ಟಿ ತೆರೆದುಕೊಳ್ಳುತ್ತದೆ. ಸೆಟ್‌ಟಾಪ್ ಬಾಕ್ಸಿಗೆ ಮಾಡಿದ್ದನ್ನು ಟಿವಿಯೊಳಗಿನ ಆ್ಯಪ್‌ಗೂ, ಎಚ್‌ಡಿಆರ್ ಚಿತ್ರವೊಂದನ್ನು ಓಡಿಸಿಕೊಂಡು ಅದಕ್ಕೂ ಮತ್ತೊಮ್ಮೆ ಮಾಡಬೇಕಾಗುತ್ತದೆ.