ನಾಲ್ಕನೇ ಸ್ಲೈಡಿಗೂ ‘ಜಾಹೀರಾತು’ ಪಟ್ಟಿ ಬೇಕಾ?

ಮುಂಬೈ ಕನ್ನಡಿಗರ ಊಟ-ತಿಂಡಿ ಪುಟಗಳ ಕೆಳಗೆ ಈಗ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಇದು ತಿಂದು ಮೆಚ್ಚಿ ಬರೆದದ್ದಾ, ದುಡ್ಡು ತಗೊಂಡು ಬರೆದದ್ದಾ?

ಪ್ರಶ್ನೆ ಹಳೆಯದು. ಜಾಹೀರಾತಿನವರೇ ಸೇರಿ, ಜಾಹೀರಾತುಗಳ ಮೇಲೆ ಕಣ್ಣಿಡಲು 1985ರಲ್ಲಿ ಇದೇ ಮುಂಬೈಯಲ್ಲಿ ‘ಆಸ್ಕಿ’ ಮಂಡಳಿ ಕಟ್ಟಿಕೊಂಡರು. ಆಗ ಕಣ್ಣಿಡಬೇಕಾಗಿದ್ದದ್ದು ಪತ್ರಿಕೆ, ರೇಡಿಯೊ, ಟಿವಿ ಮೇಲೆ. ಜಾಹೀರಾತು ಯಾವುದು, ಸುದ್ದಿ ಯಾವುದು ಅಂತ ಹೆಚ್ಚಿನ ಕಡೆ ಗೊತ್ತಾಗುತ್ತಿತ್ತು. ಮೊಬೈಲ್ ಬಂದ ಮೇಲೆ ಆ ಗೆರೆ ಅಳಿಸಿತು.

2017ರಲ್ಲಿ ಇನ್‌ಸ್ಟಾಗ್ರಾಂ ಕ್ಯಾರೊಸೆಲ್ ತಂದಿತು: ಒಂದೇ ಪೋಸ್ಟಿನಲ್ಲಿ ಹತ್ತು ಚಿತ್ರ, ಒಂದೊಂದೂ ಒಂದು ಸ್ಲೈಡ್. 2024ರಲ್ಲಿ ಅದು ಇಪ್ಪತ್ತಾಯಿತು. ನಡುವೆ, 2021ರ ಜೂನ್‌ನಿಂದ, ಹಣ ಅಥವಾ ಉಚಿತ ಸಾಮಾನು ಪಡೆದು ಬರೆದರೆ ಅದು ಜಾಹೀರಾತು ಅಂತ ತಿಳಿಸುವ ಪಟ್ಟಿ ಹಾಕಲೇಬೇಕು ಅಂತ ಆಸ್ಕಿ ಹೇಳಿತು. ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಅದನ್ನು ಬಚ್ಚಿಡುವಂತಿಲ್ಲ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೂ ಚಿತ್ರವಾದರೆ ಅದರ ಮೇಲೇ, ಕಣ್ಣಿಗೆ ಬೀಳುವಂತೆ ಹಾಕಿ ಅಂದಿತು.

ತೊಡಕು ಇರುವುದು ಮುಂದೆ. ಮಾಟುಂಗಾದ ಅಂಗಡಿಯೊಂದರ ರಾಗಿ ಮಾಲ್ಟ್ ಪುಡಿಗೆ ಒಂದು ಪುಟ ಎಂಟು ಸ್ಲೈಡ್ ಮಾಡಿದೆ ಅಂದುಕೊಳ್ಳಿ. ಮೊದಲ ಸ್ಲೈಡಿನ ಮೂಲೆಯಲ್ಲಿ ‘ಪಾಲುದಾರಿಕೆ’ ಅಂತಿದೆ. ಅಲ್ಲಿಗೆ ಮುಗಿಯಿತಲ್ವಾ? ಇಲ್ಲ. ಮೊದಲ ಸ್ಲೈಡ್ ನೋಡಿ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಇನ್ನೊಮ್ಮೆ ತಂದಾಗ ಎರಡನೇ ಸ್ಲೈಡಿನಿಂದ ತೋರಿಸುವುದುಂಟು. ನಾಲ್ಕನೇ ಸ್ಲೈಡಿನ ಸ್ಕ್ರೀನ್‌ಶಾಟ್ ಡೊಂಬಿವ್ಲಿಯ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋದಾಗ ಪಟ್ಟಿ ಜೊತೆಗೆ ಹೋಗುವುದಿಲ್ಲ. ಪ್ರತಿ ಸ್ಲೈಡಿಗೂ ಚಿಕ್ಕದೊಂದು ‘ಜಾಹೀರಾತು’ ಅಂತ ಹಾಕಿದರೆ ಅಂದ ಕೆಡುತ್ತದೆ ಅನ್ನುತ್ತಾರೆ. ಕೆಡಲಿ ಬಿಡಿ.

ಆ ನಾಲ್ಕನೇ ಸ್ಲೈಡಿನಲ್ಲಿ ದಪ್ಪಕ್ಷರದ ಸಾಲು: ‘ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ’. ಇದು ಪೂರ್ತಿ ಸುಳ್ಳಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, 100 ಮಿ.ಲೀ. ಹಾಲಿನಲ್ಲಿ ಸುಮಾರು 120. ಆದರೆ 100 ಗ್ರಾಂ ಪುಡಿಯನ್ನು ಒಂದೇ ಸಲ ಯಾರು ಕುಡಿಯುತ್ತಾರೆ? ಲೋಟಕ್ಕೆ ಹಾಕುವುದು ಎರಡು ಚಮಚ, 20 ಗ್ರಾಂ. ಅದು ಬರೀ ರಾಗಿಯೇ ಆದರೂ ನೀರಲ್ಲಿ ಕದಡಿದ ಒಂದು ಲೋಟಕ್ಕೆ ಸಿಗುವುದು 70 ಮಿಲಿಗ್ರಾಂ. 200 ಮಿ.ಲೀ. ಹಾಲಿನಲ್ಲಿ 240 ಇರುತ್ತದೆ. ಲೆಕ್ಕ ತಿರುಗುಮುರುಗಾಯಿತು.

ಕೊನೆಯ ಸ್ಲೈಡಿನಲ್ಲಿ ಸಣ್ಣಕ್ಷರದಲ್ಲಿ ‘100 ಗ್ರಾಂಗೆ’ ಅಂತ ಬರೆದರೆ ಸಾಕಾ? 2022ರ ಸರ್ಕಾರಿ ಮಾರ್ಗಸೂಚಿ ಪ್ರಕಾರ ದಾರಿ ತಪ್ಪಿಸುವ ಮಾತನ್ನು ಅಡಿಟಿಪ್ಪಣಿ ಹಾಕಿ ಸರಿಮಾಡುವಂತಿಲ್ಲ. ‘ಜಾಹೀರಾತು’ ಪಟ್ಟಿಯೂ ಅದನ್ನು ಸರಿಮಾಡುವುದಿಲ್ಲ. ಸಾಲನ್ನೇ ಬದಲಿಸಬೇಕು: ‘ಒಂದು ಲೋಟಕ್ಕೆ ಸುಮಾರು 70 ಮಿಲಿಗ್ರಾಂ ಕ್ಯಾಲ್ಸಿಯಂ’. ಅಂಗಡಿಯವರಿಗೆ ಇದು ಸಪ್ಪೆ ಅನಿಸುವುದು ಸಹಜ. ‘ದುಡ್ಡು ಕೊಟ್ಟಿಲ್ಲ, ಸುಮ್ನೆ ಎರಡು ಪ್ಯಾಕೆಟ್ ಕಳಿಸಿದ್ದು’ ಅನ್ನುವ ಮಾತಂತೂ ಒಪ್ಪುವಂಥದ್ದಲ್ಲ. ಆ ಎರಡು ಪ್ಯಾಕೆಟ್‌ಗೂ ಪಟ್ಟಿ ಬೇಕು.